ಒತ್ತಿದ್ದು ಚಾಲಿ, ಬಂದದ್ದು ಬಿಳೆಗೋಟು

ಪರದೆ ಮೇಲೆ ಬಟನ್ ಒಂದು ಕಡೆ ಕಾಣುತ್ತೆ, ಒತ್ತಿದರೆ ಕೆಲಸ ಮಾಡೋದು ಅದರ ಪಕ್ಕದ್ದು. ಈ ತೊಂದರೆ ಲ್ಯಾಪ್‌ಟಾಪ್, ಎಟಿಎಂ, ಆಸ್ಪತ್ರೆಯ ಟೋಕನ್ ಯಂತ್ರ, ಶಾಲೆಯ ಸ್ಮಾರ್ಟ್ ಬೋರ್ಡ್ ಎಲ್ಲದರಲ್ಲೂ ಬರಬಹುದು. ಬಂದ ಕೂಡಲೇ ನಾವು ಹೇಳೋದು ಒಂದೇ ಮಾತು: “ಟಚ್ ಹಾಳಾಗಿದೆ.” ಹೆಚ್ಚಿನ ಸಲ ಟಚ್ ಹಾಳಾಗಿರುವುದೇ ಇಲ್ಲ. ಬೆರಳು ಬಿದ್ದ ಜಾಗವನ್ನು ಯಂತ್ರ ಸರಿಯಾಗಿಯೇ ಅಳೆದಿರುತ್ತದೆ. ಆ ಅಳತೆಯನ್ನು ಚಿತ್ರದ ಅಳತೆಗೆ ಹೊಂದಿಸುವ ಲೆಕ್ಕ ಮಾತ್ರ ತಪ್ಪಿರುತ್ತದೆ.

ತಪ್ಪು ಎಲ್ಲಿದೆ ಅಂತ ಕಂಡುಹಿಡಿಯೋಕೆ ಯಂತ್ರ ಬಿಚ್ಚಬೇಕಿಲ್ಲ. ಒತ್ತಿದ್ದು ಎಷ್ಟು ಸರಿಯುತ್ತಿದೆ, ಯಾವ ದಿಕ್ಕಿಗೆ, ಎಲ್ಲ ಕಡೆ ಒಂದೇ ಸಮನೋ ಅಥವಾ ಒಂದು ಕಡೆಗೆ ಹೋದಂತೆ ಹೆಚ್ಚುತ್ತದೋ ಎಂದು ನೋಡಿದರೆ ಸಾಕು, ಕಾರಣ ಅಲ್ಲೇ ಸಿಗುತ್ತೆ. ಕಾನಸೂರಿನ ಒಂದು ಅಡಿಕೆ ಖರೀದಿ ಅಂಗಡಿಯಲ್ಲಿ ಇದನ್ನು ಬಿಡಿಸಬೇಕಾಗಿ ಬಂದಿತ್ತು. ಅಲ್ಲಿ ಎರಡು ಬೇರೆ ಬೇರೆ ತಪ್ಪುಗಳು ಒಂದರ ಮೇಲೊಂದು ಕೂತಿದ್ದವು. ರೈತರ ದುಡ್ಡೂ ಅದರೊಳಗೆ ಸಿಕ್ಕಿಹಾಕಿಕೊಂಡಿತ್ತು.

ಏಳು ಚಿತ್ರಗಳ ಸಾಲು

ಶಿರಸಿ-ಸಿದ್ದಾಪುರದ ಕಡೆ ಅಡಿಕೆ ಅಂದರೆ ಒಂದೇ ಮಾಲಲ್ಲ. ರಾಶಿ, ಬೆಟ್ಟೆ, ತಟ್ಟಿಬೆಟ್ಟೆ, ಚಾಲಿ, ಕೆಂಪುಗೋಟು, ಬಿಳೆಗೋಟು, ಕೋಕಾ ಅಂತ ಬಗೆಗಳಿವೆ, ಪ್ರತಿಯೊಂದಕ್ಕೂ ಬೇರೆ ದರ. ಚಾಲಿಯೂ ಬಿಳೆಗೋಟೂ ಎರಡೂ ಬಿಳಿ ಅಡಿಕೆಯೇ, ಆದರೆ ಗೋಟಿನ ದರ ಕೆಳಗೆ. ಕ್ವಿಂಟಾಲಿಗೆ ಐದು ಸಾವಿರ ರೂಪಾಯಿ ವ್ಯತ್ಯಾಸ ಅಂತಿಟ್ಟುಕೊಳ್ಳಿ. ಮೂರು ಕ್ವಿಂಟಾಲ್ ಚಾಲಿ ತಂದವರ ಬಿಲ್ಲಿನಲ್ಲಿ ಬಿಳೆಗೋಟು ಅಂತ ಬಿದ್ದರೆ ಅವರ ಕೈಯಿಂದ ಹದಿನೈದು ಸಾವಿರ ಹೋಯಿತು.

ಅಂಗಡಿಯ ಕೌಂಟರಿನಲ್ಲಿ 21.5 ಇಂಚಿನ ಒಂದು ಟಚ್ ಮಾನಿಟರ್ ಇದೆ. ಅದರಲ್ಲಿ ಬ್ರೌಸರ್ ತೆರೆದು ಬಿಲ್ ಮಾಡುತ್ತಾರೆ. ಬಿಲ್ಲಿನ ಪುಟದ ಮೇಲ್ಭಾಗದಲ್ಲಿ ಏಳು ಬಗೆಯ ಅಡಿಕೆಯ ಚಿತ್ರಗಳು ಸಾಲಾಗಿವೆ: ರಾಶಿ, ಬೆಟ್ಟೆ, ಚಾಲಿ, ಬಿಳೆಗೋಟು, ಕೆಂಪುಗೋಟು, ಕೋಕಾ, ಕೊನೆಗೆ ತಟ್ಟಿಬೆಟ್ಟೆ. ಬಗೆಯ ಮೇಲೆ ಬೆರಳಿಟ್ಟರೆ ಅವತ್ತಿನ ದರ ತಾನಾಗಿ ಬರುತ್ತೆ. ತೂಕ ಹಾಕಿ, ಕೆಳಗೆ ಎಡಮೂಲೆಯಲ್ಲಿರುವ ‘ಸೇರಿಸು’ ಒತ್ತಿದರೆ ಬಿಲ್ಲಿಗೆ ಒಂದು ಸಾಲು ಸೇರುತ್ತೆ.

ವಯಸ್ಸಾದ ಮಾಲೀಕರಿಗೆ ಅಕ್ಷರ ಚಿಕ್ಕದಾಗಿ ಕಾಣ್ತಿತ್ತು. ಸಾಫ್ಟ್‌ವೇರ್ ಕೊಟ್ಟವರಿಗೆ ಫೋನ್ ಮಾಡಿದರು. ಅವರು ದೂರದಿಂದಲೇ ಏನೋ ಬದಲಾಯಿಸಿದರು. ಚಿತ್ರಗಳು ದೊಡ್ಡದಾದವು, ಎಲ್ಲರಿಗೂ ಖುಷಿಯಾಯಿತು.

ಎರಡು ಮೂರು ದಿನಕ್ಕೆ ದೂರು ಶುರುವಾಯಿತು. ತಟ್ಟಿಬೆಟ್ಟೆ ಒತ್ತಿದರೆ ಏನೂ ಆಗ್ತಿಲ್ಲ. ‘ಸೇರಿಸು’ ಕೂಡ ಕೆಲಸ ಮಾಡ್ತಿಲ್ಲ, ಅದರಿಂದ ಒಂದು ಇಂಚು ಮೇಲೆ ಖಾಲಿ ಜಾಗದಲ್ಲಿ ಒತ್ತಿದರೆ ಮಾತ್ರ ಸೇರುತ್ತೆ. ರಾಶಿ, ಬೆಟ್ಟೆ ಮಾತ್ರ ಮೊದಲಿನ ಹಾಗೇ ಸರಿಯಾಗಿವೆ. ಕೌಂಟರಿನಲ್ಲಿ ಕೂರುವ ಮಾಲೀಕರ ಅಣ್ಣನ ಮಗ ಟಚ್ ಕೆಟ್ಟಿದೆ ಅಂದುಕೊಂಡು ವಿಂಡೋಸ್‌ನ ಕ್ಯಾಲಿಬ್ರೇಷನ್ ಓಡಿಸಿದ. ಅದರಿಂದ ಬಿಲ್ಲಿನ ತೊಂದರೆ ಹೋಗಲಿಲ್ಲ. ಬದಲಿಗೆ ಬೇರೆ ಕಿಟಕಿಗಳನ್ನು ಮುಚ್ಚುವ ಸಣ್ಣ ಗುಣಾಕಾರ ಚಿಹ್ನೆ ಕೂಡ ಬೆರಳಿಗೆ ಸಿಗದಂತಾಯಿತು.

ಅದರ ನಡುವೆ ಊರಿನ ಒಬ್ಬ ಹಿರಿಯರು ಬಿಲ್ಲು ಹಿಡಿದುಕೊಂಡು ವಾಪಸ್ ಬಂದರು. “ತಮಾ, ಆನು ಕೊಟ್ಟಿದ್ದು ಚಾಲಿ. ಇಲ್ಲಿ ಬಿಳೆಗೋಟು ಹೇಳಿ ಬರದ್ದಲೋ?” ಅಂದರು. ಅವತ್ತು ಸಂಜೆ ನನಗೆ ಕರೆ ಬಂತು.

ಮೊದಲು ಮೌಸ್ ಹಿಡಿಯಿರಿ

ಇಂಥ ತೊಂದರೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ಮೌಸ್‌ನಿಂದ ಒತ್ತಿದರೂ ತಪ್ಪಾಗುತ್ತಾ?

ಕ್ಯಾಲಿಬ್ರೇಷನ್ ಅನ್ನೋದು ಬೆರಳಿಗೆ ಸಂಬಂಧಪಟ್ಟದ್ದು. ಗಾಜಿನ ಮೇಲೆ ಬೆರಳು ಬಿದ್ದ ಜಾಗವನ್ನು ಪರದೆಯ ಪಿಕ್ಸೆಲ್ ಆಗಿ ಬದಲಾಯಿಸುವ ಲೆಕ್ಕ ಅದು. ಮೌಸ್‌ಗೆ ಆ ಲೆಕ್ಕವೇ ಇಲ್ಲ. ಮೌಸ್ ಬಾಣ ಎಲ್ಲಿ ಕಾಣುತ್ತೋ ಅಲ್ಲೇ ಇರುತ್ತೆ. ಹಾಗಾಗಿ ಮೌಸ್‌ನಿಂದಲೂ ಅದೇ ತಪ್ಪು ಬಂದರೆ ಗಾಜಿನ ಮೇಲೆ ಅನುಮಾನ ಪಡಬೇಕಿಲ್ಲ. ತಪ್ಪು ಅದಕ್ಕಿಂತ ಒಳಗೆ, ಚಿತ್ರ ತೋರಿಸುತ್ತಿರುವ ಪ್ರೋಗ್ರಾಮಿನಲ್ಲಿದೆ.

ಎರಡನೆಯ ಪ್ರಶ್ನೆ: ತಪ್ಪು ಈ ಒಂದು ಪ್ರೋಗ್ರಾಮಿನಲ್ಲಿ ಮಾತ್ರವೋ, ಎಲ್ಲದರಲ್ಲೂ ಇದೆಯೋ? ವಿಂಡೋಸ್‌ನ ಪೇಂಟ್ ಇದಕ್ಕೆ ಒಳ್ಳೆಯ ಸಾಧನ. ಬಾಣ ಎಲ್ಲಿದೆ ಅಂತ ಕೆಳಗಿನ ಪಟ್ಟಿಯಲ್ಲಿ ಎರಡು ಸಂಖ್ಯೆಗಳಾಗಿ ತೋರಿಸುತ್ತೆ. ಮೌಸ್‌ನಿಂದ ಮೂರು ಕಡೆ ಪ್ಲಸ್ ಗುರುತು ಬರೆದು, ಆಮೇಲೆ ಅವುಗಳ ನಡುವೆ ಬೆರಳಿಡಬೇಕು. ಚುಕ್ಕೆ ಎಲ್ಲಿ ಬಿತ್ತು ಅಂತ ನೋಡಬೇಕು.

ಮೂರನೆಯದು: ಸರಿತ ಎಲ್ಲ ಕಡೆ ಒಂದೇ ಸಮ ಇದೆಯೋ, ಬೆಳೆಯುತ್ತಾ ಹೋಗುತ್ತೋ?

ಅಂಗಡಿಯಲ್ಲಿ ಈ ಮೂರು ಪ್ರಶ್ನೆಗೆ ಎರಡು ಬಗೆಯ ಉತ್ತರ ಬಂತು. ಪೇಂಟಿನಲ್ಲಿ ಮೌಸ್ ಸರಿ ಇತ್ತು, ಆದರೆ ಬೆರಳಿಟ್ಟರೆ ಚುಕ್ಕೆ ಮೂರು ಕಡೆಯೂ ಸುಮಾರು 16 ಪಿಕ್ಸೆಲ್ ಕೆಳಗೆ ಬೀಳುತ್ತಿತ್ತು. ಈ ಮಾನಿಟರಿನಲ್ಲಿ ಅಡ್ಡಕ್ಕೆ 1920 ಪಿಕ್ಸೆಲ್, ಅಂದರೆ ಒಂದು ಮಿಲಿಮೀಟರಿಗೆ ಸುಮಾರು 4 ಪಿಕ್ಸೆಲ್. 16 ಪಿಕ್ಸೆಲ್ ಅಂದರೆ 4 ಮಿಲಿಮೀಟರ್. ಬಿಲ್ಲಿನ ಪುಟದ ಕಥೆ ಬೇರೆ. ಅಲ್ಲಿ ಮೌಸ್‌ನಿಂದ ಒತ್ತಿದರೂ ಚಾಲಿಯ ನಡುವೆ ಬಿಳೆಗೋಟೇ ಬರುತ್ತಿತ್ತು. ಎಡಗಡೆ ಸರಿ, ಬಲಕ್ಕೆ ಹೋದಷ್ಟೂ ತಪ್ಪು ಹೆಚ್ಚು.

ಒಂದೇ ಸಮ ಇರುವ ಸರಿತ ಒಂದು ಕಾಯಿಲೆ, ಬೆಳೆಯುವ ಸರಿತ ಇನ್ನೊಂದು. ಎರಡಕ್ಕೂ ಒಂದೇ ಔಷಧ ಹಾಕಲು ಹೋದರೆ ಎರಡೂ ವಾಸಿಯಾಗಲ್ಲ.

ಚಿತ್ರ ಬೆಳೆಯಿತು, ಗಡಿ ಬೆಳೆಯಲಿಲ್ಲ

ಬಿಲ್ಲಿನ ಪುಟದ ಒಳಗೆ ನೋಡಿದೆ. ಏಳು ಬಟನ್ ಅಂತ ಕಾಣೋದು ನಿಜವಾಗಿ ಬಟನ್‌ಗಳಲ್ಲ, ಎಲ್ಲ ಸೇರಿ ಒಂದೇ ಚಿತ್ರ. ಚಿತ್ರದ ಮೇಲೆ ಕಣ್ಣಿಗೆ ಕಾಣದ ಚೌಕಗಳನ್ನು ಗುರುತು ಮಾಡಿಟ್ಟಿರುತ್ತಾರೆ. ಯಾವ ಚೌಕದೊಳಗೆ ಒತ್ತು ಬಿತ್ತೋ ಆ ಬಗೆ ಆಯ್ಕೆಯಾಗುತ್ತೆ. ಇದಕ್ಕೆ ಇಮೇಜ್ ಮ್ಯಾಪ್ ಅಂತಾರೆ. ವೆಬ್‌ನ ಹಳೆಯ ಕಾಲದಿಂದ ಬಂದ ವಿಧಾನ, ಈಗಲೂ ನಡೆಯುತ್ತೆ.

```
<img src="bage.png" width="1400" usemap="#b">
<area shape="rect" coords="320,0,480,100" href="?bage=3">
```

ಎರಡನೆಯ ಸಾಲು ಚಾಲಿಯ ಚೌಕ. ಎಡ ಅಂಚು 320, ಮೇಲಂಚು 0, ಬಲ ಅಂಚು 480, ಕೆಳಗಿನ ಅಂಚು 100. ಮೂಲ ಚಿತ್ರ 1120 ಪಿಕ್ಸೆಲ್ ಅಗಲ ಇತ್ತು. ಏಳು ಬಗೆಗೆ ತಲಾ 160. ಅಕ್ಷರ ದೊಡ್ಡದು ಮಾಡಿ ಅಂದಾಗ ಚಿತ್ರದ ಅಗಲವನ್ನು 1400 ಮಾಡಿದ್ದಾರೆ, ಅಂದರೆ 1.25 ಪಟ್ಟು. ಈಗ ಪ್ರತಿ ಬಗೆ 200 ಪಿಕ್ಸೆಲ್ ಅಗಲ ಕಾಣುತ್ತೆ. ಆದರೆ ಚೌಕಗಳ ಸಂಖ್ಯೆಗಳನ್ನು ಯಾರೂ ಮುಟ್ಟಿಲ್ಲ. ಬ್ರೌಸರ್ ಚಿತ್ರವನ್ನು ಹಿಗ್ಗಿಸುತ್ತೆ, ಆದರೆ `coords` ಸಂಖ್ಯೆಗಳನ್ನು ತಾನಾಗಿ ಹಿಗ್ಗಿಸಲ್ಲ. ತೋಟ ಅಗಲವಾಯಿತು, ಬೇಲಿ ಹಳೇ ಜಾಗದಲ್ಲೇ ಉಳಿಯಿತು.

ಈಗ ಲೆಕ್ಕ ಹಾಕೋಣ. ಚಾಲಿ ಕಾಣುವುದು 400ರಿಂದ 600ರವರೆಗೆ. ಅದರ ನಡುಮಧ್ಯ 500. ಆದರೆ ಹಳೆಯ ಬೇಲಿಯ ಪ್ರಕಾರ 500 ಅಂದರೆ 480ರಿಂದ 640ರವರೆಗಿನ ನಾಲ್ಕನೆಯ ಚೌಕ, ಅದು ಬಿಳೆಗೋಟು. ಚಾಲಿ ಚಿತ್ರದ ಎಡಭಾಗದಲ್ಲಿ, 400ರಿಂದ 480ರೊಳಗೆ ಬೆರಳು ಬಿದ್ದರೆ ಮಾತ್ರ ಚಾಲಿಯೇ ಬರುತ್ತೆ. ಅದಕ್ಕೇ “ಕೆಲವು ಸಲ ಸರಿ, ಕೆಲವು ಸಲ ತಪ್ಪು” ಅಂತ ಅವರಿಗೆ ಅನ್ನಿಸಿದ್ದು. ಯಂತ್ರ ಮನಸ್ಸು ಬಂದಂತೆ ಆಡುತ್ತಿರಲಿಲ್ಲ. ಬೆರಳು ಒಂದೊಂದು ಸಲ ಒಂದೊಂದು ಕಡೆ ಬೀಳುತ್ತಿತ್ತು, ಅಷ್ಟೇ.

ರಾಶಿಯ ನಡುವೆ ಒತ್ತಿದರೆ 100, ಅದು ಮೊದಲ ಚೌಕದೊಳಗೇ ಇದೆ. ಬೆಟ್ಟೆಯ ನಡು 300, ಅದೂ ಎರಡನೆಯ ಚೌಕದೊಳಗೇ. ಹಾಗಾಗಿ ಅವೆರಡೂ ಸರಿ. ಕೆಂಪುಗೋಟಿನ ನಡು 900, ಹಳೆಯ ಬೇಲಿಯಲ್ಲಿ ಅದು ಕೋಕಾ. ತಟ್ಟಿಬೆಟ್ಟೆ ಕಾಣೋದೇ 1200ರಿಂದ ಮುಂದೆ, ಬೇಲಿ ಮುಗಿಯೋದು 1120ಕ್ಕೆ. ಅಲ್ಲಿ ಏನು ಒತ್ತಿದರೂ ಬಯಲಿನಲ್ಲಿ ಒತ್ತಿದಂತೆ. ಮೇಲೆ-ಕೆಳಗಿನ ಅಳತೆಯಲ್ಲೂ ಇದೇ ನಡೆದಿತ್ತು. ಸಾಲು ಮೇಲಂಚಿಗೆ ಅಂಟಿಕೊಂಡೇ ಇದ್ದದ್ದರಿಂದ ಅಲ್ಲಿ ಅದು ಗೊತ್ತಾಗಲಿಲ್ಲ. ಕೆಳಗಿದ್ದ ‘ಸೇರಿಸು’ ಮಾತ್ರ ತನ್ನ ಚೌಕದಿಂದ ಪೂರ್ತಿ ಹೊರಗೆ ಹೋಗಿತ್ತು. ಅದಕ್ಕೇ ಒಂದು ಇಂಚು ಮೇಲೆ ಒತ್ತಬೇಕಾಗಿತ್ತು.

ಕೋಡ್ ಓದಲು ಬರದವರಿಗೂ ಇದನ್ನು ಪತ್ತೆ ಮಾಡುವ ದಾರಿ ಇದೆ. ಮೌಸ್ ಬಾಣವನ್ನು ಒತ್ತದೆ, ಸುಮ್ಮನೆ ಚಿತ್ರದ ಮೇಲೆ ಎಡದಿಂದ ಬಲಕ್ಕೆ ಒಯ್ಯಿರಿ. ಒತ್ತಬಹುದಾದ ಜಾಗದಲ್ಲಿ ಬಾಣ ಕೈಯಾಗಿ ಬದಲಾಗುತ್ತೆ. ನಮ್ಮಲ್ಲಿ ಕೋಕಾ ಚಿತ್ರದ ನಡು ದಾಟಿದ ಸ್ವಲ್ಪದರಲ್ಲೇ ಕೈ ಮತ್ತೆ ಬಾಣವಾಯಿತು. ಬೇಲಿ ಅಲ್ಲಿಗೇ ಮುಗಿದಿದೆ ಅಂತ ಅಷ್ಟರಲ್ಲೇ ಗೊತ್ತಾಯಿತು. ಜೊತೆಗೆ ಬ್ರೌಸರಿನ ಕೆಳಗೆ ಎಡಮೂಲೆಯಲ್ಲಿ ಆ ಕೊಂಡಿಯ ವಿಳಾಸ ಕಾಣುತ್ತೆ. ಬಾಣ ಚಾಲಿಯ ಮೇಲಿದ್ದಾಗ ಅಲ್ಲಿ `bage=3` ಇರಬೇಕಿತ್ತು, ಇದ್ದದ್ದು `bage=4`.

ಸರಿ ಮಾಡಿದ್ದು ಹೇಗೆ

ಸುಲಭ ದಾರಿ ಒಂದಿತ್ತು. ಚಿತ್ರವನ್ನು ಮತ್ತೆ 1120ಕ್ಕೆ ಇಳಿಸಿ, ಬ್ರೌಸರಿನಲ್ಲೇ ಕಂಟ್ರೋಲ್ ಕೀಲಿ ಹಿಡಿದು ಪ್ಲಸ್ ಒತ್ತಿ 125 ಪ್ರತಿಶತಕ್ಕೆ ಹಿಗ್ಗಿಸೋದು. ಕಣ್ಣಿಗೆ ಕಾಣುವ ಗಾತ್ರ ಅದೇ. ಆದರೆ ಬ್ರೌಸರಿನ ಜೂಮ್ ಇಡೀ ಪುಟದ ಅಳತೆಪಟ್ಟಿಯನ್ನೇ ಹಿಗ್ಗಿಸುತ್ತೆ. ಚಿತ್ರ, ಚೌಕ, ಬಾಣದ ಲೆಕ್ಕ ಮೂರೂ ಒಟ್ಟಿಗೆ ಬೆಳೆಯುತ್ತವೆ. ಚಿತ್ರವನ್ನೊಂದೇ ಹಿಗ್ಗಿಸಿದಾಗ ಎರಡು ಅಳತೆಪಟ್ಟಿಗಳಾಗುತ್ತವೆ, ತಪ್ಪು ಹುಟ್ಟೋದು ಅಲ್ಲೇ. ಅವತ್ತು ಸಂಜೆ ಇಷ್ಟನ್ನೇ ಮಾಡಿದೆವು. ಏಳೂ ಬಗೆ ಸರಿಯಾಗಿ ಬಂದವು.

ಸಾಫ್ಟ್‌ವೇರಿನವರು ಮಾಡಬೇಕಾದದ್ದು ಬೇರೆ. ಚಿತ್ರ 1400 ಆಗಿಯೇ ಇರಬೇಕು ಅಂದರೆ ಪ್ರತಿ ಸಂಖ್ಯೆಯನ್ನೂ 1.25ರಿಂದ ಗುಣಿಸಬೇಕು. ಚಾಲಿಯ ಚೌಕ ಹೀಗಾಗುತ್ತೆ:

```
<area shape="rect" coords="400,0,600,125" href="?bage=3">
```

ಮುಂದಿನ ಸಲ ಯಾರೋ ಅಗಲವನ್ನು 1300 ಮಾಡಿದರೆ ಮತ್ತೆ ಅದೇ ರಾಮಾಯಣ. ಗಟ್ಟಿ ಪರಿಹಾರ ಅಂದರೆ ಏಳು ನಿಜವಾದ ಬಟನ್‌ಗಳನ್ನು ಇಡೋದು. ಬಟನ್‌ಗೆ ಕಾಣುವ ಅಂಚೂ ಒತ್ತುವ ಅಂಚೂ ಒಂದೇ. ಹಿಗ್ಗಿಸಿದರೆ ಎರಡೂ ಒಟ್ಟಿಗೆ ಹಿಗ್ಗುತ್ತವೆ. ಅವರಿಗೆ ಈ ಲೆಕ್ಕ ಬರೆದು ಕಳಿಸಿದೆವು, ಕೆಲವು ದಿನದಲ್ಲಿ ಬಟನ್‌ಗಳು ಬಂದವು.

ಆ 16 ಪಿಕ್ಸೆಲ್ ಎಲ್ಲಿಂದ ಬಂತು

ಉಳಿದದ್ದು ಪೇಂಟಿನಲ್ಲಿ ಕಂಡ ಎರಡನೆಯ ತಪ್ಪು. ಕ್ಯಾಲಿಬ್ರೇಷನ್ ಮಾಡುವಾಗ ಯಂತ್ರ ಪರದೆ ಮೇಲೆ ಒಂದಾದ ಮೇಲೊಂದು ಪ್ಲಸ್ ಗುರುತು ತೋರಿಸಿ “ಇದರ ನಡುವೆ ಒತ್ತು” ಅನ್ನುತ್ತೆ. ನೀವು ಒತ್ತಿದ ಜಾಗವನ್ನೇ ಸರಿ ಅಂತ ನಂಬುತ್ತೆ. ಇವನು ಎದ್ದು ನಿಂತುಕೊಂಡು, ಮೇಲಿನಿಂದ ಬಗ್ಗಿ ನೋಡಿ ಒತ್ತಿದ್ದ. ಬೆರಳು ತಾಗುವುದು ಗಾಜಿನ ಮೇಲ್ಮೈಗೆ, ಚಿತ್ರ ಇರುವುದು ಅದರ ಹಿಂದೆ ಕೆಲವು ಮಿಲಿಮೀಟರ್ ಒಳಗೆ. ಮೇಲಿನಿಂದ ಓರೆಯಾಗಿ ನೋಡಿದರೆ ಗುರುತಿಗಿಂತ ಸ್ವಲ್ಪ ಮೇಲೆ ಬೆರಳು ತಾಗುತ್ತೆ. ಬಸ್ಸಿನಲ್ಲಿ ಪಕ್ಕದ ಸೀಟಿನಿಂದ ಡ್ರೈವರ್ ಮುಂದಿನ ಸ್ಪೀಡೋಮೀಟರ್ ಮುಳ್ಳು ನೋಡಿದರೆ ಬೇರೆ ಸಂಖ್ಯೆ ತೋರಿಸಿದಂತೆ ಕಾಣುತ್ತಲ್ಲ, ಹಾಗೆ. ಎಲ್ಲ ಗುರುತಿನಲ್ಲೂ ಬೆರಳು ಮೇಲೆ ಬಿದ್ದದ್ದರಿಂದ ಯಂತ್ರ “ಇವರ ಬೆರಳು ಯಾವಾಗಲೂ ಮೇಲೆ ಬೀಳುತ್ತೆ, ನಾನು ಕೆಳಕ್ಕೆ ಸರಿಸಿಕೊಳ್ಳಬೇಕು” ಅಂತ ಕಲಿತುಕೊಂಡಿತು. ಕೂತು ನೇರವಾಗಿ ಒತ್ತಿದಾಗ ಎಲ್ಲವೂ 4 ಮಿಲಿಮೀಟರ್ ಕೆಳಗೆ.

200 ಪಿಕ್ಸೆಲಿನ ಅಡಿಕೆ ಚಿತ್ರಕ್ಕೆ 16 ಪಿಕ್ಸೆಲ್ ದೊಡ್ಡದಲ್ಲ. ಕಿಟಕಿ ಮುಚ್ಚುವ ಸಣ್ಣ ಚಿಹ್ನೆಗೆ ದೊಡ್ಡದು. ಅದಕ್ಕೇ ಕ್ಯಾಲಿಬ್ರೇಷನ್ ಆದಮೇಲೆ ಅದು ಬೆರಳಿಗೆ ಸಿಗದೇ ಹೋದದ್ದು.

ಇದಕ್ಕೆ ಮತ್ತೆ ಕ್ಯಾಲಿಬ್ರೇಷನ್ ಮಾಡಲಿಲ್ಲ, ಇದ್ದದ್ದನ್ನು ಅಳಿಸಿದೆವು. ಕಂಟ್ರೋಲ್ ಪ್ಯಾನೆಲ್‌ನಲ್ಲಿ `Tablet PC Settings` ತೆರೆದರೆ `Calibrate` ಪಕ್ಕದಲ್ಲೇ `Reset` ಇದೆ. ಒತ್ತಿದ ಮೇಲೆ ಪೇಂಟಿನಲ್ಲಿ ಚುಕ್ಕೆಗಳು ಪ್ಲಸ್ ನಡುವೆಯೇ ಬಿದ್ದವು. ಇವತ್ತಿನ ಹೆಚ್ಚಿನ ಟಚ್ ಮಾನಿಟರ್ ಮತ್ತು ಫೋನ್‌ಗಳಲ್ಲಿ ಗಾಜಿನ ಜಾಗ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತೆ. ಅವುಗಳಿಗೆ ಕೈಯಾರೆ ಕ್ಯಾಲಿಬ್ರೇಷನ್ ಬೇಕಾಗುವುದೇ ಅಪರೂಪ.

ಹಾಗಾದರೆ ಕ್ಯಾಲಿಬ್ರೇಷನ್ ಯಾಕೆ ಇದೆ? ಮೊದಲಿನ ಟಚ್ ಪರದೆಗಳಲ್ಲಿ ಎರಡು ತೆಳು ಹಾಳೆ ಒಂದಕ್ಕೊಂದು ತಾಗಿದಾಗ ಅಲ್ಲಿನ ವೋಲ್ಟೇಜ್ ಅಳೆದು ಜಾಗ ಕಂಡುಹಿಡಿಯುತ್ತಿದ್ದರು. ಹಾಳೆ ಸವೆದಂತೆ, ಬಿಸಿಯಾದಂತೆ ಅಳತೆ ಸರಿಯುತ್ತಿತ್ತು. ಬೆಂಗಳೂರಿನಲ್ಲಿ ಹುಟ್ಟಿ 2004ರಲ್ಲಿ ಮಾರುಕಟ್ಟೆಗೆ ಬಂದ ಅಮಿಡಾ ಸಿಂಪ್ಯೂಟರ್ ನೆನಪಿರಬಹುದು. ಕಡ್ಡಿಯಿಂದ ಒತ್ತಿ ಬಳಸುವ ಕೈ ಕಂಪ್ಯೂಟರ್ ಅದು. ಆ ತಲೆಮಾರಿನ ಕಡ್ಡಿ ಸಾಧನಗಳನ್ನು ಬಳಸುವವರಿಗೆ ಪ್ಲಸ್ ಗುರುತು ಒತ್ತುವುದು ಮಾಮೂಲಿ ಕೆಲಸ. ಮೂರು ಗುರುತು ಸಾಕು, ಆ ಮೂರರಿಂದ ಆರು ಸಂಖ್ಯೆ ಸಿಗುತ್ತವೆ:

```
X = a*x + b*y + c
Y = d*x + e*y + f
```

ಚಿಕ್ಕ `x`, `y` ಬೆರಳು ಬಿದ್ದ ಜಾಗ, ದೊಡ್ಡ `X`, `Y` ಪರದೆಯ ಜಾಗ. `c` ಮತ್ತು `f` ತಪ್ಪಿದರೆ ಎಲ್ಲ ಕಡೆ ಒಂದೇ ಸಮ ಸರಿಯುತ್ತೆ, ಆ 16 ಪಿಕ್ಸೆಲಿನ ಹಾಗೆ. `a` ಮತ್ತು `e` ತಪ್ಪಿದರೆ ಒಂದು ಅಂಚಿನಿಂದ ದೂರ ಹೋದಂತೆ ಹೆಚ್ಚುತ್ತೆ, 1.25ರ ಹಾಗೆ. `b` ಮತ್ತು `d` ತಪ್ಪಿದರೆ ಬೆರಳನ್ನು ಅಡ್ಡಕ್ಕೆ ಎಳೆದರೂ ಗೆರೆ ಓರೆಯಾಗುತ್ತೆ. ಪರದೆ ತಿರುಗಿಸಿ ಇಟ್ಟು ಟಚ್ ತಿರುಗಿಸದೇ ಬಿಟ್ಟರೆ ಅಡ್ಡ-ಉದ್ದವೇ ಅದಲು ಬದಲಾಗುತ್ತೆ. ತಪ್ಪಿನ ಆಕಾರ ನೋಡಿದರೆ ಕಾರಣ ಗೊತ್ತಾಗುತ್ತೆ ಅಂತ ಮೊದಲು ಹೇಳಿದ್ದು ಇದಕ್ಕೇ.

ಯಾವ ಬಿಲ್ಲು ನಂಬಬೇಕು

ಪರದೆ ಸರಿಯಾಯಿತು. ಆದರೆ ಆ ವಾರದ ಬಿಲ್ಲುಗಳ ಕಥೆ ಏನು? ನಿಜವಾದ ಕೆಲಸ ಶುರುವಾದದ್ದು ಇಲ್ಲಿ. ಚಿತ್ರ ದೊಡ್ಡದಾದ ದಿನ ಯಾವುದು ಅಂತ ಮಾಲೀಕರ ಫೋನಿನ ಕರೆ ಪಟ್ಟಿಯಿಂದ ಸಿಕ್ಕಿತು. ಅಲ್ಲಿಂದ ಅವತ್ತಿನವರೆಗಿನ ಬಿಲ್ಲುಗಳನ್ನೆಲ್ಲ ತೆಗೆದಿಟ್ಟೆವು.

ತಪ್ಪಿಗೆ ಒಂದೇ ದಿಕ್ಕಿದ್ದದ್ದು ನಮಗೆ ಸಹಾಯ ಮಾಡಿತು. ಮೊದಲ ಚೌಕದೊಳಗೆ ರಾಶಿಯ ಚಿತ್ರ ಬಿಟ್ಟರೆ ಬೇರೆ ಯಾವುದೂ ಇರಲಿಲ್ಲ. ಹಾಗಾಗಿ ‘ರಾಶಿ’ ಅಂತ ಬಿದ್ದ ಬಿಲ್ಲು ಖಂಡಿತ ರಾಶಿಯೇ. ಇನ್ನೊಂದು ತುದಿಯಲ್ಲಿ ಇದರ ತದ್ವಿರುದ್ಧ. ಕೋಕಾದ ಹಳೆಯ ಚೌಕ 800ರಿಂದ 960, ಪರದೆಯಲ್ಲಿ ಅಲ್ಲಿ ಕಾಣುತ್ತಿದ್ದದ್ದು ಕೆಂಪುಗೋಟು ಮಾತ್ರ. ಅಂದರೆ ಚಿತ್ರ ನೋಡಿ ಒತ್ತಿದವರಿಗೆ ಆ ವಾರ ‘ಕೋಕಾ’ ಅಂತ ಬಂದದ್ದೆಲ್ಲ ಕೋಕಾ ಅಲ್ಲ. ‘ಕೆಂಪುಗೋಟು’ ಅಂತ ಬಂದದ್ದೂ ಹಾಗೇ, ಅದರ ಚೌಕದ ಮೇಲೆ ಇದ್ದದ್ದು ಬಿಳೆಗೋಟಿನ ಚಿತ್ರ. ಆದರೆ ಬಿಳಿ ಮಾಲಿಗೆ ಕೆಂಪು ಹೆಸರು ಬಂದರೆ ಎದುರಿಗಿದ್ದವರಿಗೆ ಕಣ್ಣಿಗೆ ಹೊಡೆಯುತ್ತೆ. ಅಂಥ ಸಾಲುಗಳನ್ನು ಹುಡುಗ ಅಲ್ಲೇ ಅಳಿಸಿ ಮತ್ತೆ ಒತ್ತಿದ್ದ.

ಯಾರ ಕಣ್ಣಿಗೂ ಬೀಳದೆ ಜಾರಿದ್ದು ಚಾಲಿ-ಬಿಳೆಗೋಟಿನದ್ದು. ಎರಡೂ ಬಿಳಿ, ಹೆಸರು ಪಕ್ಕಪಕ್ಕದಲ್ಲಿ, ಬಿಲ್ಲಿನ ಸಾಲಿನಲ್ಲಿ ಅಕ್ಷರ ಸಣ್ಣ. ‘ಬಿಳೆಗೋಟು’ ಅಂತ ಬಿದ್ದ ಪ್ರತಿ ಬಿಲ್ಲನ್ನೂ ತೂಕದ ಚೀಟಿಯ ಜೊತೆ ಹಿಡಿದು ನೋಡಬೇಕಾಯಿತು. ತೂಕ ಹಾಕುವವರು ಕೈಯಲ್ಲಿ ಬಗೆ ಬರೆಯುತ್ತಾರೆ, ಅದು ಪರದೆಯನ್ನು ಹಾದು ಬಂದಿರಲ್ಲ. ಚೀಟಿಯಲ್ಲಿ ಚಾಲಿ, ಬಿಲ್ಲಿನಲ್ಲಿ ಬಿಳೆಗೋಟು ಇದ್ದವರಿಗೆಲ್ಲ ಮಾಲೀಕರೇ ಫೋನ್ ಮಾಡಿ ವ್ಯತ್ಯಾಸದ ಹಣ ಕೊಟ್ಟರು. ಬಿಲ್ಲು ಹಿಡಿದು ಬಂದಿದ್ದ ಹಿರಿಯರಿಗೆ ಮೊದಲು.

ನಿಮ್ಮ ಫೋನಿನಲ್ಲಿ

ಫೋನಿನಲ್ಲೂ ಇದೇ ಪ್ರಶ್ನೆಗಳನ್ನು ಕೇಳಬಹುದು. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ `About phone` ಒಳಗೆ `Build number` ಅನ್ನು ಏಳು ಸಲ ಒತ್ತಿದರೆ `Developer options` ತೆರೆದುಕೊಳ್ಳುತ್ತೆ. ಅದರಲ್ಲಿ `Pointer location` ಹಚ್ಚಿ. ಬೆರಳಿಟ್ಟ ಕಡೆ ಎರಡು ಗೆರೆ ಕೂಡುತ್ತವೆ. ಗೆರೆಗಳು ಬೆರಳಿನ ಕೆಳಗೇ ಕೂಡಿದರೂ ಒಂದು ಆಪ್‌ನಲ್ಲಿ ಮಾತ್ರ ಬೇರೆ ಬಟನ್ ಒತ್ತಿಹೋಗುತ್ತಿದ್ದರೆ ತಪ್ಪು ಆ ಆಪ್‌ನದ್ದು. ಫೋನ್ ರಿಪೇರಿಗೆ ಕೊಟ್ಟು ದುಡ್ಡು ಕಳೆಯಬೇಡಿ, ಆಪ್ ಅಪ್‌ಡೇಟ್ ಮಾಡಿ ಇಲ್ಲವೇ ಅಕ್ಷರ ಮತ್ತು ಡಿಸ್‌ಪ್ಲೇ ಗಾತ್ರವನ್ನು ಮಾಮೂಲಿಗೆ ತಂದು ನೋಡಿ. ಗೆರೆಗಳೇ ಬೆರಳಿನಿಂದ ದೂರ ಕೂಡಿದರೆ ಮಾತ್ರ ಗಾಜಿನ ಮೇಲೆ ಅನುಮಾನ ಪಡಬೇಕು.

ಇನ್ನೊಂದು ಬಗೆ ಇದೆ: ಬೆರಳು ಇಡದೆಯೇ ಗೆರೆಗಳು ಕುಣಿಯೋದು, ಒಂದೇ ಜಾಗ ಒತ್ತಿದರೂ ಪ್ರತಿ ಸಲ ಬೇರೆ ಕಡೆಗೆ ಜಿಗಿಯೋದು. ಇದಕ್ಕೂ ಕ್ಯಾಲಿಬ್ರೇಷನ್‌ಗೂ ಸಂಬಂಧವಿಲ್ಲ. ಲೆಕ್ಕದ ತಪ್ಪು ಪ್ರತಿ ಸಲ ಒಂದೇ ತರ ಇರುತ್ತೆ. ಜಿಗಿದಾಡುವ ತಪ್ಪಿಗೆ ಕಾರಣ ಪರದೆ ಮೇಲಿನ ನೀರು, ಕೆಟ್ಟ ಚಾರ್ಜರ್, ಸರಿಯಾಗಿ ಕೂರದ ಸ್ಕ್ರೀನ್ ಗಾರ್ಡ್ ಇರಬಹುದು, ಇಲ್ಲವೇ ಗಾಜೇ ಒಡೆದಿರಬಹುದು. ನಮ್ಮ ಮಳೆಗಾಲದಲ್ಲಿ ಒದ್ದೆ ಕೈಯಲ್ಲಿ ಫೋನ್ ಹಿಡಿದವರೆಲ್ಲ ಇದನ್ನು ನೋಡಿರುತ್ತಾರೆ. ಮೊದಲು ಒರೆಸಿ, ಚಾರ್ಜರ್ ತೆಗೆದು ನೋಡಿ.

ಕಾನಸೂರಿನ ಅಂಗಡಿಯಲ್ಲಿ ಸರಿಯಾಗಲು ಹೆಚ್ಚು ದಿನ ಹಿಡಿದದ್ದು ಪರದೆಯಲ್ಲ, ಬೆರಳು. ಒಂದು ವಾರ ‘ಸೇರಿಸು’ವಿನ ಮೇಲೆ ಖಾಲಿ ಜಾಗದಲ್ಲಿ ಒತ್ತಿ ಅಭ್ಯಾಸವಾಗಿದ್ದ ಹುಡುಗ, ಎಲ್ಲ ಸರಿಯಾದ ಮೇಲೂ ಅಲ್ಲೇ ಒತ್ತಿ “ಇನ್ನೂ ಸರಿಯಾಗಿಲ್ಲ” ಅಂತಿದ್ದ. ತಪ್ಪು ಜಾಗದಲ್ಲಿ ಒತ್ತೋದನ್ನು ಬೆರಳು ಬೇಗ ಕಲಿಯುತ್ತೆ, ಬಿಡೋದು ನಿಧಾನ. ಹಾಗಾಗಿ ನಿಮ್ಮ ಅಂಗಡಿಯಲ್ಲೋ ಆಫೀಸಿನಲ್ಲೋ ಯಾರಾದರೂ “ಇಲ್ಲಿ ಅಲ್ಲ, ಸ್ವಲ್ಪ ಮೇಲೆ ಒತ್ತಬೇಕು” ಅಂತ ಹೊಸಬರಿಗೆ ಹೇಳಿಕೊಡುತ್ತಿದ್ದರೆ, ಆ ಪರದೆಯಿಂದ ಬಂದ ಹಿಂದಿನ ಲೆಕ್ಕಗಳನ್ನೂ ಒಮ್ಮೆ ತಾಳೆ ನೋಡಿ.